ಪಂಚಾಯತಿನ ಅಂಕಿ, ಮನೆಯ ಮಾತು
"ಕಾಸರಗೋಡಿನಲ್ಲಿ ಕನ್ನಡದವರು ಜಾಸ್ತಿ ಇರುವ ಪಂಚಾಯತುಗಳಲ್ಲಿ ಸಾಕ್ಷರತೆ ಕಡಿಮೆ ಅಂತ ಕಂಡರೆ, ಕನ್ನಡದವರೇ ಓದಿನಲ್ಲಿ ಹಿಂದೆ ಎನ್ನಬಹುದಾ?"

ಇಲ್ಲ. ಓದಲು ಬಾರದವರು ಯಾರ ಮನೆಯವರು ಅಂತ ಆ ಅಂಕಿ ಹೇಳುವುದೇ ಇಲ್ಲ. ಇಡೀ ಊರಿನ ಅಂಕಿ ನೋಡಿ ಒಬ್ಬೊಬ್ಬರ ಬಗ್ಗೆ ತೀರ್ಮಾನಿಸುವ ಈ ತಪ್ಪಿಗೆ ಇಕಲಾಜಿಕಲ್ ಫ್ಯಾಲಸಿ ಅಂತಾರೆ.

1950ರಲ್ಲಿ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ 1930ರ ಜನಗಣತಿ ಹಿಡಿದು ಇದನ್ನು ತೋರಿಸಿದರು. ವಲಸೆ ಬಂದವರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅನಕ್ಷರಸ್ಥರು ಕಡಿಮೆ. ಆದರೆ ಒಬ್ಬೊಬ್ಬರನ್ನೇ ಲೆಕ್ಕ ಹಾಕಿದಾಗ, ಅಲ್ಲೇ ಹುಟ್ಟಿದವರಿಗಿಂತ ವಲಸಿಗರಲ್ಲೇ ಅನಕ್ಷರತೆ ತುಸು ಜಾಸ್ತಿ! ಯಾಕೆ? ಸ್ಥಳೀಯರು ಚೆನ್ನಾಗಿ ಓದಿದ್ದ ರಾಜ್ಯಗಳಿಗೇ ವಲಸಿಗರು ಹೆಚ್ಚಾಗಿ ಹೋಗಿ ನೆಲೆಸಿದ್ದರು.

ನಮ್ಮಲ್ಲೂ ಶಾಲೆ ದೂರವಿದ್ದರೆ ಆ ಊರಿನ ಎಲ್ಲ ಭಾಷೆಯವರಿಗೂ ಕಷ್ಟ, ಅಲ್ವಾ? ಒಂದೇ ಪಂಚಾಯತಿನೊಳಗೆ ಕನ್ನಡ, ತುಳು, ಮಲಯಾಳ ಮನೆಗಳನ್ನು ಹೋಲಿಸಿ ನೋಡಿ.