ಹೆಸರಿಗೊಂದು ದೀರ್ಘ, ಹುಟ್ಟಿದ್ದಕ್ಕೊಂದು ತಾರೀಖು

ಸಂಪಾದಕರಿಗೆ ನಮಸ್ಕಾರ. ಇದೇ 2026ರ ಜನವರಿ 23ರಂದು ನಮ್ಮ ತಂದೆಯವರ ಷಷ್ಟ್ಯಬ್ದಿ ನಡೆಯಿತು. ಹದಿನೆಂಟು ಜನ ಕೂತು ನಿಂತ ಫೋಟೊ ಒಂದಿದೆ. ಅದನ್ನು ಕುಟುಂಬದವರ ಗುಂಪಿಗೆ ಹಾಕಿ ನಿಮ್ಮ ಪತ್ರಿಕೆಗೂ ಕಳಿಸಬೇಕೆಂದಿದ್ದೇನೆ. ಶಾಲೆಯ ದಾಖಲೆಯಲ್ಲಿ ಅಪ್ಪನ ಜನ್ಮದಿನಾಂಕ 1-6-1965. ಜಾತಕದಲ್ಲಿ 'ವಿಶ್ವಾವಸು ಸಂವತ್ಸರ, ಮಾಘ ಶುದ್ಧ ಪಂಚಮಿ, ಬುಧವಾರ' ಎಂದಿದೆ. ಅಜ್ಜಿಯನ್ನು ಕೇಳಿದರೆ 'ಬಾವುಟ ಹಾರಿಸಿದ ದಿನ, ಬಿಸಿಲೇರಿದ ಮೇಲೆ' ಎನ್ನುತ್ತಾರೆ. ತಾತ ಈಗಿಲ್ಲ. ನೆಂಟರ ಹೆಸರುಗಳನ್ನಂತೂ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ತಪ್ಪಿಲ್ಲದ ಅಡಿಬರಹ ಬರೆಯುವುದು ಹೇಗೆ?
– ಒಬ್ಬ ಓದುಗರು, ತೀರ್ಥಹಳ್ಳಿ

ಪ್ರಿಯ ಓದುಗರೇ,

ತಾರೀಖಿನಿಂದಲೇ ಶುರುಮಾಡೋಣ. ನಿಮ್ಮ ಕೈಯಲ್ಲಿ ಮೂರು ಸಾಕ್ಷಿಗಳಿವೆ, ಅವುಗಳಲ್ಲಿ ಎರಡು ಒಂದೇ ಮಾತು ಹೇಳುತ್ತಿವೆ.

ಜೂನ್ ಒಂದು ಎಂಬ ಜನ್ಮದಿನ ಕಂಡಾಗಲೆಲ್ಲ ನಾನು ಪೆನ್ನು ಕೆಳಗಿಡುತ್ತೇನೆ. ಆ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಜನನ ಪತ್ರ ಇರುತ್ತಿದ್ದುದೇ ಅಪರೂಪ. ವಯಸ್ಸು ಸಾಲುವ ಹಾಗೆ ಮೇಷ್ಟ್ರು ಒಂದು ತಾರೀಖು ಬರೆದುಕೊಳ್ಳುತ್ತಿದ್ದರು, ಶಾಲೆ ತೆರೆಯುವ ಹೊತ್ತಿನ ಜೂನ್ ಒಂದು ಅದಕ್ಕೆ ಒದಗಿ ಬರುತ್ತಿತ್ತು. ನಿಮ್ಮ ತಂದೆಯ ನೌಕರಿ, ನಿವೃತ್ತಿ, ಪಾಸ್‌ಪೋರ್ಟ್ ಎಲ್ಲ ಅದರ ಮೇಲೆಯೇ ನಡೆದಿರುತ್ತವೆ, ನಡೆಯಲಿ. ಅಡಿಬರಹಕ್ಕೆ ಮಾತ್ರ ಅದು ಬೇಡ.

ಜಾತಕಕ್ಕೆ ಬನ್ನಿ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 2025ರ ಯುಗಾದಿಗೆ ಶುರುವಾದದ್ದು ವಿಶ್ವಾವಸು, ಅಂದರೆ ಹಿಂದಿನ ವಿಶ್ವಾವಸು 1965ರ ಯುಗಾದಿಯಿಂದ 1966ರ ಯುಗಾದಿಯವರೆಗೆ. ಎಡವುವುದು ಇಲ್ಲೇ. 'ವಿಶ್ವಾವಸು ಎಂದರೆ 1965' ಎಂದು ಬರೆದುಕೊಂಡು, ಮಾಘವನ್ನು 1965ರ ಫೆಬ್ರುವರಿಯಲ್ಲಿ ಹುಡುಕುತ್ತಾರೆ. ಆ ಫೆಬ್ರುವರಿ ಯುಗಾದಿಗೆ ಮುಂಚಿನದು, ಆಗಿನ್ನೂ ಕ್ರೋಧಿ ಸಂವತ್ಸರ. ಮಾಘ ಬರುವುದು ಸಂವತ್ಸರದ ಕೊನೆಗೆ, ಹಾಗಾಗಿ ಇಂಗ್ಲಿಷ್ ವರ್ಷ ಒಂದು ಮುಂದೆ ಹೋಗಿರುತ್ತದೆ. ಪುಷ್ಯ, ಮಾಘ, ಫಾಲ್ಗುಣದಲ್ಲಿ ಹುಟ್ಟಿದವರ ವಿಷಯದಲ್ಲಿ ಈ ಒಂದು ವರ್ಷದ ತಪ್ಪನ್ನು ನಾನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ.

1966ರ ಮಾಘ ಶುದ್ಧ ಪಂಚಮಿ ಜನವರಿ 26ಕ್ಕೆ ಬೀಳುತ್ತದೆ. ಅದು ಸರಿಯೇ ಎಂದು ನೋಡಲು ವಾರ ಇದೆಯಲ್ಲ. ಫೋನಿನ ಕ್ಯಾಲೆಂಡರನ್ನು 1966ಕ್ಕೆ ಸರಿಸಿ ನೋಡಿ, ಆ ದಿನ ಬುಧವಾರ. ಜಾತಕದಲ್ಲಿರುವುದೂ ಬುಧವಾರ. ಅಜ್ಜಿ ಹೇಳುವ ಬಾವುಟ ಗಣರಾಜ್ಯೋತ್ಸವದ್ದು. ಇನ್ನು ಅನುಮಾನಕ್ಕೆ ಎಡೆಯಿಲ್ಲ. ಒಂದು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿನ ಜಾತಕದಲ್ಲಿ ಬುಧವಾರ ಎಂದಿದ್ದರೆ ಇಂಗ್ಲಿಷ್ ಲೆಕ್ಕಕ್ಕೆ ಅದು ಆಗಲೇ ಗುರುವಾರ. 'ಬಿಸಿಲೇರಿದ ಮೇಲೆ' ಎಂಬ ಅಜ್ಜಿಯ ಮಾತು ನಿಮ್ಮನ್ನು ಆ ತೊಡಕಿನಿಂದ ಉಳಿಸಿದೆ. ಸಮಾರಂಭ ಜನವರಿ 23ಕ್ಕೆ ನಡೆದದ್ದೂ ಸರಿಯೇ, ಈ ವರ್ಷದ ಮಾಘ ಶುದ್ಧ ಪಂಚಮಿ ಅಂದೇ ಇತ್ತು. ಅಡಿಬರಹದಲ್ಲಿ 'ಜನನ: 26-1-1966' ಎಂದೂ 'ಷಷ್ಟ್ಯಬ್ದಿ: 23-1-2026' ಎಂದೂ ಬರೆದರೆ ಮೂರು ದಿನ ಮುಂಚೆಯೇ ಅರವತ್ತು ತುಂಬಿತೇ ಎಂದು ಯಾರಾದರೂ ಕೇಳಿಯಾರು. 'ತಿಥಿಯ ಪ್ರಕಾರ' ಎಂಬ ಎರಡು ಪದ ಸೇರಿಸಿಬಿಡಿ.

ಹೆಸರುಗಳ ವಿಷಯದಲ್ಲಿ ನನ್ನ ಅನುಭವ ಒಂದೇ ಮಾತು ಹೇಳುತ್ತದೆ: ಯಾರ ಹೆಸರನ್ನೂ ಇನ್ನೊಬ್ಬರಿಂದ ತಿಳಿಯಬೇಡಿ. ಹೊರದೇಶದಲ್ಲಿರುವ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಪಟ್ಟಿ ಕಳಿಸುತ್ತಾರೆ, ಇಲ್ಲಿ ಯಾರೋ ಅದನ್ನು ಕನ್ನಡಕ್ಕೆ ಇಳಿಸುತ್ತಾರೆ. ನಾವು 'ತ'ಕಾರಕ್ಕೆ ಇಂಗ್ಲಿಷಿನಲ್ಲಿ `th` ಬರೆಯುವ ರೂಢಿ. `Malathi` ಎಂದು ಬಂದದ್ದು ಮಾಲತಿ, ಆದರೆ ಅದು 'ಮಲಥಿ' ಆಗಿ ಅಚ್ಚಿಗೆ ಬಂದದ್ದನ್ನು ನೋಡಿದ್ದೇನೆ. `Kamala` ಕಮಲವೋ ಕಮಲಾ ಅವರೋ, `Mangala` ಮಂಗಲವೋ ಮಂಗಳಾ ಅವರೋ ಇಂಗ್ಲಿಷ್ ಅಕ್ಷರ ಹೇಳುವುದಿಲ್ಲ. ಲಕ್ಷ್ಮಿಗೆ ದೀರ್ಘವುಂಟೇ, ಶಾರದೆಯ ಕೊನೆಗೆ 'ದಾ' ಇದೆಯೇ ಎಂಬುದನ್ನು ವ್ಯಾಕರಣ ನೋಡಿ ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಅವರು ಸಹಿ ಮಾಡುವಾಗ ಹೇಗೆ ಬರೆಯುತ್ತಾರೋ ಅದೇ ಸರಿ. ಆಧಾರ್ ಕಾರ್ಡಿನಲ್ಲಿರುವುದನ್ನೂ ಕಣ್ಣುಮುಚ್ಚಿ ನಂಬಬೇಡಿ, ಅಲ್ಲಿಯ ಕನ್ನಡವೂ ಎಷ್ಟೋ ಸಲ ಇಂಗ್ಲಿಷಿನಿಂದ ಇಳಿದದ್ದೇ. ಒಂದೊಂದು ಮನೆಯವರಿಗೂ ಫೋನ್ ಮಾಡಿ, ಚೀಟಿಯ ಮೇಲೆ ತಮ್ಮ ತಮ್ಮ ಹೆಸರನ್ನು ತಾವೇ ಬರೆದು, ಅದರ ಚಿತ್ರ ಕಳಿಸಲು ಹೇಳಿ. ಹದಿನೆಂಟು ಜನಕ್ಕೆ ಐದಾರು ಚೀಟಿ ಸಾಕಾಗುತ್ತವೆ. ಮದುವೆಯಲ್ಲಿ ಹೆಸರು ಬದಲಾದ ಅತ್ತೆಯರು, ಚಿಕ್ಕಮ್ಮಂದಿರು ಇದ್ದರೆ ಯಾವ ಹೆಸರು ಹಾಕಲಿ ಎಂದು ಅವರನ್ನೇ ಕೇಳಿ.

ಇನ್ನು 'ದಿ.' ಎಂಬ ಒಂದಕ್ಷರ. ಇದರ ಬಗ್ಗೆ ನನಗೆ ಹೆಚ್ಚು ಭಯ, ಕಾರಣವಿದೆ. ಹಿಂದೆ ನಾವು ಒಂದು ಅಡಿಬರಹದಲ್ಲಿ 'ದಿ. ಸುಬ್ಬಣ್ಣ ಮತ್ತು ಲಕ್ಷ್ಮಮ್ಮ ಅವರ ಪುತ್ರ' ಎಂಬ ಧಾಟಿಯಲ್ಲಿ ಅಚ್ಚು ಹಾಕಿದ್ದೆವು (ಹೆಸರು ಬೇರೆ). ತಂದೆ ತೀರಿಕೊಂಡಿದ್ದರು, ತಾಯಿ ಗಟ್ಟಿಮುಟ್ಟಾಗಿದ್ದರು. ಪತ್ರಿಕೆ ತಲುಪಿದ ದಿನವೇ ಊರಿನಿಂದ ಇಬ್ಬರು ಅವರ ಮನೆಗೆ ಸಾಂತ್ವನ ಹೇಳಲು ಹೋದರು, ಬಾಗಿಲು ತೆರೆದವರು ಆ ತಾಯಿಯೇ. ಅವರ ಕ್ಷಮೆ ಕೇಳಲು ನಾನೇ ಹೋಗಿದ್ದೆ. 'ದಿ.' ಯಾರವರೆಗೆ ಹರಿಯುತ್ತದೆ ಎಂದು ಓದುವವರಿಗೆ ಹೇಗೆ ಗೊತ್ತಾಗಬೇಕು? ಅಂದಿನಿಂದ ಬದುಕಿರುವವರನ್ನು ಮೊದಲು ಬರೆಯುತ್ತೇವೆ: 'ಲಕ್ಷ್ಮಮ್ಮ ಮತ್ತು ದಿ. ಸುಬ್ಬಣ್ಣ ಅವರ ಪುತ್ರ'. ನಿಮ್ಮ ಅಜ್ಜಿಯ ಹೆಸರೂ ಹೀಗೆಯೇ ಮುಂದೆ ಬರಲಿ.

ಸಂಬಂಧ ಬರೆಯುವುದಾದರೆ 'ಅಳಿಯ', 'ಸೊಸೆ' ಎಂದು ಬಿಡಬೇಡಿ. ಅಕ್ಕನ ಮಗನೂ ಅಳಿಯನೇ, ಮಗಳ ಗಂಡನೂ ಅಳಿಯನೇ. 'ಸೋದರಳಿಯ' ಅಥವಾ 'ಮಗಳ ಗಂಡ' ಎಂದರೆ ಗೊಂದಲವಿಲ್ಲ.

ಫೋಟೊದಲ್ಲಿ 'ಎಡದಿಂದ ಬಲಕ್ಕೆ' ಎಂದು ಬರೆಯುವ ಮೊದಲು ಚಿತ್ರ ತಿರುಗುಮುರುಗಾಗಿಲ್ಲವೇ ನೋಡಿ. ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದದ್ದು ಕೆಲವೊಮ್ಮೆ ಕನ್ನಡಿಯಲ್ಲಿ ಕಂಡಂತೆ ಉಳಿಯುತ್ತದೆ. ಗೋಡೆಯ ಬ್ಯಾನರಿನ ಅಕ್ಷರ ಕಂಡರೆ ಸುಲಭ. ಕಾಣದಿದ್ದರೆ ಹೆಂಗಸರ ಸೆರಗು ನೋಡಿ, ನಮ್ಮಲ್ಲಿ ಸಾಮಾನ್ಯವಾಗಿ ಅದು ಎಡಭುಜದ ಮೇಲೆ. ಎಲ್ಲರ ಸೆರಗೂ ಬಲಕ್ಕಿದ್ದರೆ ಚಿತ್ರ ಮಗುಚಿದೆ ಎಂದೇ ತಿಳಿಯಿರಿ. ಕೊಡವ ಶೈಲಿಯಲ್ಲಿ ಸೀರೆ ಉಟ್ಟವರನ್ನು ಮಾತ್ರ ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅವರ ಸೆರಗು ಬಲಭುಜಕ್ಕೇ ಬರುತ್ತದೆ. ಆಮೇಲೆ ತಲೆ ಎಣಿಸಿ, ಹೆಸರು ಎಣಿಸಿ. ಹದಿನೆಂಟಕ್ಕೆ ಹದಿನೇಳು ಬಂದರೆ ಬಿಟ್ಟುಹೋಗಿರುವುದು ಬಹುಮಟ್ಟಿಗೆ ಯಾರದೋ ತೊಡೆಯ ಮೇಲಿನ ಕೂಸು, ಇಲ್ಲವೇ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವವರು.

ಎಲ್ಲ ಬರೆದ ಮೇಲೆ ನೀವೇ ಓದಿಕೊಂಡರೆ ತಪ್ಪು ಕಾಣುವುದಿಲ್ಲ, ಕಣ್ಣು ತಾನು ಬರೆದದ್ದನ್ನೇ ಓದುತ್ತದೆ. ಅಜ್ಜಿಯ ಪಕ್ಕ ಕೂತು, ಫೋಟೊ ಅವರ ಕೈಗೆ ಕೊಟ್ಟು, ಒಂದೊಂದು ಮುಖದ ಮೇಲೆ ಬೆರಳಿಟ್ಟು ಹೆಸರು ಓದಿ ಹೇಳಿ. ಅವರು 'ಹೂಂ' ಅಂದಲ್ಲಿ ಒಂದು ಗೀಟು ಹಾಕಿ, ತಡೆದಲ್ಲಿ ಆ ಮನೆಗೆ ಇನ್ನೊಂದು ಫೋನ್ ಮಾಡಿ. ಹದಿನೆಂಟು ಗೀಟೂ ಬಿದ್ದ ಮೇಲೆ ನಮಗೂ ಕಳಿಸಿ, ಜಾಗ ಇಟ್ಟಿರುತ್ತೇವೆ.

– ಸಂಪಾದಕ