ಹೂಜಿ ಫೋಟೋದಲ್ಲಿ ಡೊಂಕಾಗಿ ಕಾಣ್ತದೆ, ಏನ್ ಮಾಡ್ಲಿ?

*ಕೊಪ್ಪಳದಲ್ಲಿ ಮಣ್ಣಿನ ಹೂಜಿ, ಬಟ್ಟಲು ಮಾಡಿ ಇನ್‌ಸ್ಟಾದಲ್ಲಿ ಮಾರ್ತೀನಿ. ಫೋನ್ ಒಂದೇ ಇರೋದು. ಆಕಾರ ಡೊಂಕು, ಬಣ್ಣ ಕಿತ್ತಳೆ ಬರ್ತದೆ.*

ಡೊಂಕಿಗೆ ಕಾರಣ ತೀರಾ ಹತ್ತಿರದಿಂದ, ಮೇಲಿನಿಂದ ತೆಗೆಯೋದು. ಹಾಗೆ ತೆಗೆದರೆ ಬಾಯಿ ದೊಡ್ಡದಾಗಿ, ಬುಡ ಸಣ್ಣದಾಗಿ ಕಾಣುತ್ತದೆ. ನಾಲ್ಕಡಿ ಹಿಂದೆ ಸರಿದು ಜೂಮ್ 2x ಇಡಿ. ಫೋನನ್ನು ಹೂಜಿಯ ಹೊಟ್ಟೆಯ ಮಟ್ಟಕ್ಕೆ ಇಳಿಸಿ, ಮುಂದಕ್ಕೆ ಬಾಗಿಸದೆ ನೆಟ್ಟಗೆ ಹಿಡಿಯಿರಿ. ಕೈ ನಡುಗಿದರೆ ಡಬ್ಬಿಗೆ ಒರಗಿಸಿ ಟೈಮರ್ ಹಾಕಿ. ಬಟ್ಟಲಿಗೆ ಮಾತ್ರ ಒಳಗಿನ ಮೆರುಗು ಕಾಣುವಂತೆ 45 ಡಿಗ್ರಿ ಮೇಲಿನಿಂದ ತೆಗೆಯಿರಿ.

ಬಣ್ಣದ ವಿಷಯಕ್ಕೆ ಮೊದಲು ಬಲ್ಬ್ ಆರಿಸಿ. ಬಲ್ಬಿನ ಹಳದಿ, ಕಿಟಕಿಯ ಬೆಳಕು ಬೆರೆತರೆ ಫೋನ್ ಗಲಿಬಿಲಿಯಾಗುತ್ತದೆ. ನಮ್ಮ ಕಡೆಯ ನೇರ ಬಿಸಿಲೂ ಬೇಡ, ಅರ್ಧ ಹೂಜಿ ಬೆಳ್ಳಗೆ, ಅರ್ಧ ಕಪ್ಪಾಗುತ್ತದೆ. ಬಿಸಿಲು ಬೀಳದ ಕಿಟಕಿ ಪಕ್ಕ ಟೇಬಲ್ ಹಾಕಿ, ಎದುರು ಬದಿಗೆ ಬಿಳಿ ಥರ್ಮಾಕೋಲ್ ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ಹಿಂದೆ ತಿಳಿ ಬೂದು ಹಾಳೆ ಸಾಕು. ಪರದೆಯಲ್ಲಿ ಹೂಜಿಯ ಮೇಲೆ ಒತ್ತಿ ಹಿಡಿದು, ಅಲ್ಲಿ ಕಾಣುವ ಬೆಳಕಿನ ಗುರುತನ್ನು ತುಸು ಕೆಳಗೆ ಎಳೆಯಿರಿ. ಬೆರಳಿನ ಗೆರೆಗಳು, ಚಕ್ರದ ಗುರುತು ಆಗಲೇ ಎದ್ದು ಕಾಣೋದು. ಹೂಜಿಯನ್ನು ಪಕ್ಕದಲ್ಲೇ ಹಿಡಿದು ಪರದೆಯ ಬಣ್ಣ ಹೋಲಿಸಿ. ಫಿಲ್ಟರ್ ಹಾಕಬೇಡಿ, ಕೈಗೆ ಬಂದದ್ದು ಬೇರೆ ಬಣ್ಣ ಅಂತ ಗಿರಾಕಿ ವಾಪಸ್ ಕಳಿಸ್ತಾರೆ.