ನಾಲೆ ಏರಿಯ ಓಟದ ದಾರಿ: ದಾರಕ್ಕೂ ಸೈಕಲ್ ಮೀಟರಿಗೂ ಸರಾಸರಿ ಹಾಕಬೇಡಿ

“ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಹೋಗಿ ಊರೊಳಗಿನ ರಸ್ತೆಯಲ್ಲಿ ವಾಪಸ್ ಬರುವ ಸುತ್ತು. 1:50,000 ಟೋಪೋಶೀಟ್ ನಕ್ಷೆಯ ಪಿಡಿಎಫ್ ಅನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ದಾರ ಇಟ್ಟು ಅಳೆದರೆ 19.4 ಸೆಂ.ಮೀ., ಅಂದರೆ 9.7 ಕಿ.ಮೀ. ಸೈಕಲ್ ಮೀಟರ್ 10.31 ತೋರಿಸಿತು. 26 ಇಂಚಿನ ಗಾಲಿ, 26 × 25.4 × 3.14 ಮಾಡಿ ಮೀಟರಿಗೆ ಸುತ್ತಳತೆ 2074 ಮಿ.ಮೀ. ಎಂದು ಹಾಕಿದ್ದೇನೆ. ಸರಾಸರಿ ತೆಗೆದರೆ ಸರಿಯಾಗಿ 10 ಬರುತ್ತದೆ. ರಾಜ್ಯೋತ್ಸವದ ಓಟದ ಫಲಕದಲ್ಲಿ ಹಾಗೇ ಬರೆಸಬಹುದೇ?” ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ.

ದಯವಿಟ್ಟು ಈಗಲೇ ಬರೆಸಬೇಡಿ. ಒಂದೇ ವಸ್ತುವನ್ನು ಒಂದೇ ಟೇಪಿನಲ್ಲಿ ಹಲವು ಸಲ ಅಳೆದಾಗ ಬರುವ ಸಣ್ಣ ಏರುಪೇರಿಗೆ ಸರಾಸರಿ ಮದ್ದಾಗಬಹುದು. ಇಲ್ಲಿ ನಕ್ಷೆ ಒಂದು ಕಾರಣಕ್ಕೆ ಕಡಿಮೆ ಹೇಳುತ್ತಿದೆ, ಮೀಟರು ಬೇರೊಂದು ಕಾರಣಕ್ಕೆ ಹೆಚ್ಚು ಹೇಳುತ್ತಿದೆ. ಎರಡು ತಪ್ಪುಗಳನ್ನು ಕೂಡಿಸಿ ಭಾಗಿಸಿದಾಗ 10 ಎಂಬ ಚೆಂದದ ಸಂಖ್ಯೆ ಬಂದದ್ದು ಕಾಕತಾಳೀಯ; ಈ ಗುಂಪಿನಲ್ಲಿ ವರ್ಷಕ್ಕೊಬ್ಬರಾದರೂ ಇದೇ ಲೆಕ್ಕ ಹಾಕುತ್ತಾರೆ.

ಮೊದಲು ಹಾಳೆಯನ್ನು ಪರೀಕ್ಷಿಸಿ. ಮೂಲ ಹಾಳೆಯಲ್ಲಿ 2 ಸೆಂ.ಮೀ.ಗೆ 1 ಕಿ.ಮೀ. ಎಂಬುದು ನಿಜ, ಆದರೆ ನಿಮ್ಮ ಕೈಯಲ್ಲಿರುವುದು ಪ್ಲಾನ್ ಪ್ರಿಂಟ್ ತೆಗೆಯುವ ಅಂಗಡಿಯವರು ತಮ್ಮ ಕಾಗದಕ್ಕೆ ಹೊಂದಿಸಿ ಕೊಟ್ಟ ಹಾಳೆ. ‘ಫಿಟ್ ಟು ಪೇಜ್’ ಗುರುತು ಹಾಗೇ ಉಳಿದಿದ್ದರೆ ನಕ್ಷೆ ಕುಗ್ಗಿರುತ್ತದೆ, ಆದರೂ ಅಂಚಿನಲ್ಲಿ 1:50,000 ಎಂದೇ ಅಚ್ಚಾಗಿರುತ್ತದೆ. ನಕ್ಷೆಯ ಎಡ ಅಥವಾ ಬಲ ಅಂಚಿನಲ್ಲಿ 5 ನಿಮಿಷಕ್ಕೊಂದರಂತೆ ಅಕ್ಷಾಂಶದ ಗುರುತುಗಳಿವೆ. ಮಂಡ್ಯದ ಅಕ್ಷಾಂಶದಲ್ಲಿ ಆ 5 ನಿಮಿಷ ಎಂದರೆ ನೆಲದ ಮೇಲೆ ಸುಮಾರು 9.22 ಕಿ.ಮೀ., ಹಾಳೆಯ ಮೇಲೆ 18.44 ಸೆಂ.ಮೀ. ಇರಬೇಕು. ಉಕ್ಕಿನ ಸ್ಕೇಲು ಇಟ್ಟು ನೋಡಿ. ಮೇಲಿನ ಮತ್ತು ಕೆಳಗಿನ ಅಂಚಿನ ರೇಖಾಂಶದ ಗುರುತುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವನ್ನು ಮುಟ್ಟಬೇಡಿ. ನಿಮ್ಮ ಹಾಳೆಯಲ್ಲಿ ಅದು 18.1 ಬಂದಿತು ಎಂದುಕೊಳ್ಳಿ: ಆಗ 19.4ನ್ನು 18.44ರಿಂದ ಗುಣಿಸಿ 18.1ರಿಂದ ಭಾಗಿಸಬೇಕು, 19.76 ಬರುತ್ತದೆ, ದೂರ 9.88 ಕಿ.ಮೀ. ಆಗುತ್ತದೆ. ದಾರವನ್ನು ಮತ್ತೆ ಮುಟ್ಟದೆಯೇ 180 ಮೀಟರು ಸಿಕ್ಕಿತು.

ನಮ್ಮ ಕಡೆಯ ಒಂದು ಓಟದಲ್ಲಿ ಇದರ ತಿರುಗುಮುರುಗು ನಡೆದಿತ್ತು. ಸಂಘಟಕರು ಎ4 ತುಣುಕನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿ, ಹಳೆಯ ಪ್ರಮಾಣದಲ್ಲೇ ಅಳೆದು, 7 ಕಿ.ಮೀ. ಎಂದು ಫಲಕ ಹಾಕಿಸಿದರು. ನೆಲದ ಮೇಲೆ ಇದ್ದದ್ದು ಐದೇ ಕಿಲೋಮೀಟರು. ಅಂದು ಊರಿನ ಹುಡುಗರೆಲ್ಲ ರಾಷ್ಟ್ರಮಟ್ಟದ ವೇಗದಲ್ಲಿ ಓಡಿದಂತಾಗಿ ಚಪ್ಪಾಳೆಯೋ ಚಪ್ಪಾಳೆ. ಜೆರಾಕ್ಸ್ ಹಾಳೆಯಲ್ಲಿ ನಂಬಬಹುದಾದದ್ದು ನಕ್ಷೆಯ ಜೊತೆಗೇ ಹಿಗ್ಗುವ, ಕುಗ್ಗುವ ಅಳತೆಪಟ್ಟಿಯನ್ನು ಮಾತ್ರ.

ಎರಡನೆಯದು ದಾರ. ಹೊಲಿಗೆ ದಾರ ಎಳೆದರೆ ಹಿಗ್ಗುತ್ತದೆ, ತಿರುವಿನಲ್ಲಿ ಒಳಕ್ಕೆ ಜಾರುತ್ತದೆ, ಎರಡೂ ದೂರವನ್ನು ಕಡಿಮೆ ಮಾಡುತ್ತವೆ. ಈ ಹಾಳೆಯಲ್ಲಿ ಅರ್ಧ ಮಿಲಿಮೀಟರು ತಪ್ಪಿದರೆ ನೆಲದ ಮೇಲೆ 25 ಮೀಟರು. ಕಂಪಾಸ್ ಪೆಟ್ಟಿಗೆಯ ಡಿವೈಡರನ್ನು 2 ಮಿ.ಮೀ.ಗೆ ತೆರೆದು ಹೆಜ್ಜೆ ಹಾಕಿಸುವುದೇ ಮೇಲು. ತೆರೆದ ಅಂತರವನ್ನು ಕಣ್ಣಳತೆಯಲ್ಲಿ ಒಪ್ಪಿಕೊಳ್ಳದೆ, ಸ್ಕೇಲಿನ ಪಕ್ಕದಲ್ಲಿ ಗೆರೆ ಎಳೆದು 50 ಹೆಜ್ಜೆ ಹಾಕಿಸಿ ಒಟ್ಟು ಉದ್ದವನ್ನು ನೋಡಿ, 10 ಸೆಂ.ಮೀ. ಬದಲು 10.2 ಬಂದರೆ ಒಂದು ಹೆಜ್ಜೆಯನ್ನು 2.04 ಎಂದು ಹಿಡಿಯಿರಿ. ನಾಲೆಯಂಥ ಅಂಕುಡೊಂಕು ಗೆರೆಯಲ್ಲಿ ಡಿವೈಡರ್ ದಾರಕ್ಕಿಂತ ಶೇಕಡಾ ಒಂದರಷ್ಟು ಹೆಚ್ಚು ಕೊಡುವುದನ್ನು ನಾನು ಕಂಡಿದ್ದೇನೆ. ಹಾಗಾದರೆ ನಿಮ್ಮದು 9.98ರ ಸುಮಾರಿಗೆ ನಿಲ್ಲುತ್ತದೆ.

ಅದಕ್ಕಿಂತ ಹೆಚ್ಚನ್ನು ಆ ನಕ್ಷೆಯಿಂದ ಹಿಂಡಲಾಗದು. ನಾಲೆಯ ನೀರು ತನ್ನಷ್ಟಕ್ಕೆ ಹರಿಯಬೇಕಾದ್ದರಿಂದ ಅದು ಒಂದೇ ಎತ್ತರವನ್ನು ಹಿಡಿದು ದಿಣ್ಣೆಗಳನ್ನು ಬಳಸಿಕೊಂಡು ಸಾಗುತ್ತದೆ; ಆ ಚಿಕ್ಕ ಬಳುಕುಗಳನ್ನೆಲ್ಲ 1:50,000 ನಕ್ಷೆ ತೋರಿಸುವುದಿಲ್ಲ, ನೇರ ಮಾಡಿ ಬರೆದುಬಿಡುತ್ತದೆ. ನೇರ ಹೆದ್ದಾರಿಯಾಗಿದ್ದರೆ ನಕ್ಷೆಯನ್ನೇ ನಂಬಿ ಎನ್ನುತ್ತಿದ್ದೆ.

ಗುಂಪಿನ ಇನ್ನೊಬ್ಬ ಗೆಳೆಯರು “ನಕ್ಷೆಯಲ್ಲಿ ಏರಿಳಿತ ಕಾಣುವುದಿಲ್ಲ, ಅದಕ್ಕೆ ಶೇಕಡಾ ಐದು ಸೇರಿಸಿ” ಎಂದಿದ್ದಾರೆ. ಕಾಣುವುದಿಲ್ಲ ಎಂಬುದು ಸರಿ, ಐದು ಎಂಬುದು ಸರಿಯಲ್ಲ. ನೂರು ಮೀಟರಿಗೆ ಐದು ಮೀಟರು ಏರುವ ರಸ್ತೆಯಲ್ಲಿ ಹೆಚ್ಚಾಗುವುದು 12.5 ಸೆಂ.ಮೀ. ಮಾತ್ರ; ಹತ್ತು ಮೀಟರು ಏರುವ ಘಾಟಿಯಲ್ಲೂ ಅರ್ಧ ಮೀಟರು. ನಾಲೆ ಏರಿಯಲ್ಲಿ ಅದು ಲೆಕ್ಕಕ್ಕೇ ಬಾರದು.

ಇನ್ನು ಮೀಟರಿಗೆ ಬರೋಣ. ಟೈರಿನ ಮೇಲೆ ಬರೆದ 26 ಎಂಬುದು ಹೆಸರೇ ಹೊರತು ಅಳತೆಯಲ್ಲ. ಗಾಳಿ ತುಂಬಿದ ಟೈರು, ಸವಾರನ ಭಾರಕ್ಕೆ ತಗ್ಗಿದ ಮೇಲೆ, ಒಂದು ಸುತ್ತಿಗೆ ಎಷ್ಟು ನೆಲ ಉರುಳುತ್ತದೆ ಎಂಬುದಷ್ಟೇ ಬೇಕು. ಕ್ಯಾಟ್‌ಐ ಮೀಟರಿನ ಜೊತೆ ಬರುವ ಪಟ್ಟಿಯಲ್ಲಿ 26 × 1.95 ಟೈರಿಗೆ 2050 ಎಂದಿದೆ, ನಿಮ್ಮ 2074 ಅಲ್ಲ. ಆ ಪಟ್ಟಿಯೂ ಕೊನೆಯ ಮಾತಲ್ಲ. ಅಂದಹಾಗೆ, 20, 24, 26, 28 ಎಂದು ಇಂಚು ಮಾತ್ರ ಆರಿಸಲು ಬಿಡುವ ಅಗ್ಗದ ಮೀಟರುಗಳನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ. ತಂತಿ ಇರುವ, ಮಿಲಿಮೀಟರಿನಲ್ಲಿ ಅಂಕಿ ಹಾಕಬಹುದಾದ ಸಾದಾ ಮೀಟರೇ ಸಾಕು.

ನಾನು ಬಿಡದೆ ಹಿಡಿದುಕೊಂಡಿರುವ ವಿಧಾನ ಇದು. ಬೆಳಗ್ಗೆ ಗಾಳಿ ಹೊಡೆದು, ನೇರವಾದ ಡಾಂಬರು ರಸ್ತೆಯಲ್ಲಿ 30 ಮೀಟರಿನ ಉಕ್ಕಿನ ಟೇಪನ್ನು ಹತ್ತು ಸಲ ಹಾಸಿ 300 ಮೀಟರು ಗುರುತು ಮಾಡಿ. ದರ್ಜಿಯ ಟೇಪು ಬೇಡ, ಅದು ಹಿಗ್ಗುತ್ತದೆ. ಮೀಟರು 10 ಮೀಟರಿಗೊಮ್ಮೆ ಅಂಕಿ ಬದಲಿಸುವುದರಿಂದ ಇಷ್ಟು ದೂರಕ್ಕೆ ಅದು ಏನನ್ನೂ ಹೇಳಲಾರದು. ಗಾಲಿಯ ಸುತ್ತುಗಳನ್ನೇ ಎಣಿಸಬೇಕು. ಮುಂದಿನ ಗಾಲಿಯ ಒಂದು ಕಡ್ಡಿಗೆ ಹಾಲಿನ ಪ್ಯಾಕೆಟ್ಟಿನ ಪಟ್ಟಿಯೊಂದನ್ನು ಕಟ್ಟಿ, ಅದು ಪ್ರತಿ ಸುತ್ತಿಗೂ ಫೋರ್ಕಿಗೆ ತಗಲಿ ಟಪ್ ಎನ್ನುವಂತೆ ಮಾಡಿ. ವಾಲ್ವ್ ನೆಲಕ್ಕೆ ಬಂದ ಜಾಗವನ್ನು ಮೊದಲ ಗೆರೆಯ ಮೇಲಿಟ್ಟು ಹೊರಡಿ, ಬಾಯಲ್ಲಿ ಎಣಿಸುತ್ತ ನಿಧಾನವಾಗಿ ತುಳಿಯಿರಿ, ಕೊನೆಯ ಗೆರೆಯ ಮೇಲೆ ಇಳಿಯದೆ ನಿಲ್ಲಿ. ವಾಲ್ವ್‌ನಿಂದ ನೆಲದವರೆಗೆ ಎಷ್ಟು ಕಡ್ಡಿ ದಾಟಿದೆ ಎಂದು ಜೊತೆಗಾರರು ಎಣಿಸಲಿ. ಇಂಥದೇ ಟೈರಿನ ನನ್ನ ಸೈಕಲ್ಲಿನಲ್ಲಿ 147 ಸುತ್ತು, ಮೇಲೆ 36ರಲ್ಲಿ 10 ಕಡ್ಡಿ ಬಂದಿತು. 300 ಮೀಟರನ್ನು 147.28ರಿಂದ ಭಾಗಿಸಿದರೆ ಸುತ್ತಿಗೆ 2037 ಮಿ.ಮೀ. ನಿಮ್ಮದೂ ಅಷ್ಟೇ ಎಂದಿಟ್ಟುಕೊಂಡರೆ, 10.31ನ್ನು 2037ರಿಂದ ಗುಣಿಸಿ 2074ರಿಂದ ಭಾಗಿಸಿ: 10.13 ಕಿ.ಮೀ.

ಸವಾರಿ ಮುಗಿಸಿ ಬಂದ ಮೇಲೆ ಅದೇ 300 ಮೀಟರನ್ನು ಮತ್ತೊಮ್ಮೆ ತುಳಿಯಿರಿ. ಬಿಸಿಲೇರಿದರೆ ಟೈರಿನ ಒತ್ತಡ ಹೆಚ್ಚಿ ಸುತ್ತಳತೆ ಒಂದಿಷ್ಟು ಹಿಗ್ಗುತ್ತದೆ. ಎರಡು ಅಂಕಿಗಳ ನಡುವೆ ಅಂತರ ದೊಡ್ಡದಾಗಿ ಕಂಡರೆ ಗಾಳಿ ಇಳಿದಿದೆ ಎಂದು ಅನುಮಾನಿಸಿ. ಗಾಳಿ ಹೊಡೆದು ವಾರವಾದ ಸೈಕಲ್ಲಿನಲ್ಲಿ ಅಳೆಯುವುದು ವ್ಯರ್ಥ ಶ್ರಮ. ದೊಡ್ಡ ಓಟಗಳ ದಾರಿಯನ್ನು ಅಳೆಯುವವರೂ ಮಾಡುವುದು ಇದನ್ನೇ. ಅವರ ಮುಂದಿನ ಗಾಲಿಗೆ 1971ರಲ್ಲಿ ಅಮೆರಿಕದ ಅಲನ್ ಜೋನ್ಸ್ ರೂಪಿಸಿದ ಬಗೆಯ ಎಣಿಕೆಯ ಯಂತ್ರವಿರುತ್ತದೆ, ಅದು ಒಂದು ಸುತ್ತನ್ನೇ ಇಪ್ಪತ್ತಕ್ಕೂ ಹೆಚ್ಚು ಭಾಗ ಮಾಡಿ ಎಣಿಸುತ್ತದೆ. ನಮಗೆ ಹಾಲಿನ ಪ್ಯಾಕೆಟ್ಟು ಸಾಕು.

ಈಗ ನಕ್ಷೆ 9.98, ಮೀಟರು 10.13. ಉಳಿದ 150 ಮೀಟರಿನಲ್ಲಿ ಒಂದು ಪಾಲು ನಕ್ಷೆ ನುಂಗಿದ ಬಳುಕುಗಳದ್ದು, ಇನ್ನೊಂದು ಪಾಲು ಹ್ಯಾಂಡಲ್ ಅಲುಗಾಡಿದ್ದರದ್ದು. ಗುಂಡಿ ತಪ್ಪಿಸುವಾಗ, ಎದುರು ಬಂದ ಎತ್ತಿನ ಗಾಡಿಗೆ ದಾರಿ ಬಿಡುವಾಗ ಮುಂದಿನ ಗಾಲಿ ಓಡುವವರಿಗಿಂತ ಹೆಚ್ಚು ದೂರ ಹೋಗುತ್ತದೆ. ಯಾರ ಪಾಲು ಎಷ್ಟು ಎಂದು ನಾನು ಇಲ್ಲಿ ಕೂತು ಹೇಳಲಾರೆ. ಅಲುಗಾಟ ಯಾವಾಗಲೂ ದೂರವನ್ನು ಹೆಚ್ಚೇ ಮಾಡುವುದರಿಂದ ಎರಡು ಮೂರು ಸಲ ಸುತ್ತಿ, ಬಂದ ಅಂಕಿಗಳಲ್ಲಿ ಕಡಿಮೆಯದನ್ನು ಹಿಡಿಯಿರಿ. ಇಲ್ಲೂ ಸರಾಸರಿ ಬೇಡ. ಒಂದೇ ಎಚ್ಚರಿಕೆ: ಕಡ್ಡಿಗೆ ಕಟ್ಟಿದ ಆಯಸ್ಕಾಂತ ಫೋರ್ಕಿನ ಮೇಲಿನ ಸೆನ್ಸರಿನಿಂದ ದೂರ ಸರಿದು ಸುತ್ತು ತಪ್ಪಿದರೂ ಅಂಕಿ ಕಡಿಮೆಯಾಗುತ್ತದೆ. ಓಡುತ್ತಿರುವಾಗಲೇ ವೇಗ ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು ಮೇಲೇಳುತ್ತಿದ್ದರೆ ಆ ಸವಾರಿಯನ್ನು ಕೈಬಿಡಿ. “ನನ್ನ ವೈರ್‌ಲೆಸ್ ಮೀಟರು ಟ್ರಾನ್ಸ್‌ಫಾರ್ಮರ್ ಹತ್ತಿರ ಸುಮ್ಮನಾಗುತ್ತದೆ” ಎಂದು ಬರೆದ ತಮ್ಮನಿಗೂ ಇದೇ ಉತ್ತರ.

ಲೋಕೋಪಯೋಗಿ ಇಲಾಖೆಯಲ್ಲಿದ್ದ ಹಿರಿಯರು ಇಡೀ ದಾರಿಗೆ ಟೇಪು ಹಾಸಿ ಎಂದಿದ್ದಾರೆ. ಅವರ ಅನುಭವದ ಮುಂದೆ ನಾನು ಚಿಕ್ಕವನು, ಆದರೆ ಬಳುಕುವ ಏರಿಯಲ್ಲಿ ಮುನ್ನೂರಕ್ಕೂ ಹೆಚ್ಚು ಸಲ ಟೇಪು ಹಾಸುವಾಗ ಒಂದು ಸಲದ ಎಣಿಕೆ ತಪ್ಪಿದರೂ 30 ಮೀಟರು ಹೋಯಿತು. ರಸ್ತೆಯ ನಡುವೆ ಅಳೆಯಬೇಕು ಎಂಬ ಅವರ ಮಾತನ್ನೂ ಒಪ್ಪಲಾರೆ. ಓಡುವವರು ತಿರುವಿನ ಒಳಗಡೆಯಿಂದ ಹೋಗುತ್ತಾರೆ, ಆದ್ದರಿಂದ ಒಳ ಅಂಚಿನಿಂದ ಒಂದು ಅಡಿ ಬಿಟ್ಟು, ಒಂದು ತಿರುವಿನಿಂದ ಇನ್ನೊಂದಕ್ಕೆ ನೇರವಾಗಿ ತುಳಿಯಿರಿ. ಈ ವಿಷಯದಲ್ಲಿ ನಮ್ಮಿಬ್ಬರ ವಾದ ಹಿಂದೆಯೂ ಮುಗಿದಿರಲಿಲ್ಲ.

ಕೊನೆಗೆ ಉಳಿಯುವ ಅಂಕಿ 10.126 ಎಂದೇ ಇರಲಿ. ಓಟ ಕಡಿಮೆ ಬೀಳದಿರಲೆಂದು ಸಾವಿರಕ್ಕೆ ಒಂದರಂತೆ 10 ಮೀಟರು ಸೇರಿಸುವುದು ರೂಢಿ. ಹಾಗಾಗಿ ಬೇಕಾದದ್ದು 10.010. ಹೊರಟ ಜಾಗಕ್ಕೆ ಮರಳುವ 116 ಮೀಟರು ಮುಂಚೆಯೇ ಮುಕ್ತಾಯದ ಗೆರೆ ಹಾಕಬೇಕು, ಆ 116ನ್ನು ಟೇಪಿನಲ್ಲೇ ಅಳೆಯಬೇಕು. ಬಣ್ಣ ಒಂದು ಮಳೆಗೆ ಹೋಗುತ್ತದೆ. ಗೆರೆಯಿಂದ ಹತ್ತಿರದ ತೂಬಿನ ಕಲ್ಲಿಗೂ ವಿದ್ಯುತ್ ಕಂಬಕ್ಕೂ ಎಷ್ಟು ಮೀಟರು ಎಂದು ಬರೆದಿಟ್ಟುಕೊಳ್ಳಿ. ಅಂಚಿನ 5 ನಿಮಿಷದ ಅಳತೆ, 300 ಮೀಟರಿನ ಸುತ್ತುಗಳು, ಪ್ರತಿ ಸವಾರಿಯ ಅಂಕಿ, ಇಷ್ಟನ್ನು ಇಲ್ಲಿ ಹಾಕಿದರೆ ಫಲಕ ಬರೆಸುವ ಮೊದಲು ಲೆಕ್ಕ ನೋಡಿಕೊಡುತ್ತೇನೆ.